ಆರು ತಿಂಗಳ ಕಥೆ, ಏಳು ಸಾವಿರದ ಕಥೆ: ಬೋನಸ್ ಲೆಕ್ಕದ ವಾದಗಳಿಗೆ ಒಂದು ಪ್ರತ್ಯುತ್ತರ

ದೀಪಾವಳಿ ಹತ್ತಿರ ಬಂತೆಂದರೆ ಬೈಲಹೊಂಗಲದ ಜಿನ್ನಿಂಗ್ ಫ್ಯಾಕ್ಟರಿಗಳಲ್ಲಿ, ಕಿತ್ತೂರು ಮತ್ತು ಸವದತ್ತಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ, ರಾಮದುರ್ಗದ ಮಗ್ಗದ ಶೆಡ್ಡುಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಬೋನಸ್ ಎಷ್ಟು? ಪ್ರಶ್ನೆಯಂತೆ ಉತ್ತರಗಳೂ ಎಲ್ಲ ಕಡೆ ಒಂದೇ. ದಿವಾನಜಿಗಳ ಬಾಯಲ್ಲಿ, ಮಾಲೀಕರ ಪರ ಮಾತಾಡುವ ಲೆಕ್ಕಿಗರ ಬಾಯಲ್ಲಿ ಆ ಉತ್ತರಗಳು ಎಷ್ಟು ವರ್ಷಗಳಿಂದ ಓಡಾಡಿವೆಯೆಂದರೆ, ಕೇಳುವ ಕಾರ್ಮಿಕರೂ ಅವನ್ನು ಕಾಯ್ದೆಯೆಂದೇ ನಂಬಿದ್ದಾರೆ. 1965ರ ಬೋನಸ್ ಪಾವತಿ ಕಾಯ್ದೆಯನ್ನು ಪಕ್ಕದಲ್ಲಿಟ್ಟುಕೊಂಡು ಆ ಉತ್ತರಗಳನ್ನು ಒಂದೊಂದಾಗಿ ನೋಡೋಣ. ಓದುಗರು ಪಂಚರಾಗಿ ಕೂತರೆ ಸಾಕು. ನ್ಯಾಯ ಹೇಳುವುದಕ್ಕೆ ಕೂಡಿಸುವುದು, ಗುಣಿಸುವುದು ಬಂದರೆ ಆಯಿತು.

ಮೊದಲನೆಯ ವಾದ ಕೇಳಲು ಬಹಳ ಸಾತ್ವಿಕವಾಗಿದೆ. "ಈ ವರ್ಷ ನಷ್ಟ. ಲಾಭವೇ ಇಲ್ಲದಾಗ ಬೋನಸ್ ಎಲ್ಲಿಂದ ತರೋದು?" ಬೋನಸ್ ಅಂದರೆ ಲಾಭದಲ್ಲಿ ಪಾಲು, ಲಾಭವಿಲ್ಲದಿದ್ದರೆ ಪಾಲೂ ಇಲ್ಲ ಎಂಬುದು ತರ್ಕ. ತರ್ಕ ಸರಿಯಿರಬಹುದು, ಕಾಯ್ದೆ ಅದನ್ನು ಒಪ್ಪಿಲ್ಲ. ಹಂಚುವಷ್ಟು ಹೆಚ್ಚುವರಿ ಇರಲಿ, ಇಲ್ಲದಿರಲಿ, ಕನಿಷ್ಠ ಬೋನಸ್ ಕೊಡಲೇಬೇಕು ಎಂದು ಹತ್ತನೆಯ ಕಲಮು ಹೇಳುತ್ತದೆ. ಮಾಲೀಕರು ಇದನ್ನು ಸುಪ್ರೀಂ ಕೋರ್ಟಿನ ತನಕ ಒಯ್ದು ನೋಡಿದರು. 1966ರ ಜಾಲನ್ ಟ್ರೇಡಿಂಗ್ ಪ್ರಕರಣದಲ್ಲಿ ಕಾಯ್ದೆಯ ಬೇರೆ ಕೆಲವು ಕಲಮುಗಳು ಬಿದ್ದುಹೋದವು, ಹತ್ತನೆಯದು ನಿಂತಿತು. "ಲಾಭವಿಲ್ಲದಿದ್ದರೆ ಬೋನಸ್ ಇಲ್ಲ" ಎಂಬ ನೀತಿ ಈ ದೇಶದಲ್ಲಿ ಕಾಯ್ದೆಯಾಗಿ ಬಂದದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ, 1975ರ ಸುಗ್ರೀವಾಜ್ಞೆಯಿಂದ. 1977ರಲ್ಲಿ ಅದನ್ನು ವಾಪಸ್ ತೆಗೆದರು. ಅಷ್ಟು ಹಳೆಯ, ಅಷ್ಟು ಅಲ್ಪಾಯುಷಿಯಾದ ನಿಯಮವನ್ನು ನಮ್ಮ ದಿವಾನಜಿಗಳು ಇಷ್ಟು ಜತನದಿಂದ ನೆನಪಿಟ್ಟುಕೊಂಡಿದ್ದಾರಲ್ಲ, ಮೆಚ್ಚಬೇಕು.

ಇದೇ ವಾದದ ಇನ್ನೊಂದು ರೂಪದಲ್ಲಿ ಮಾತ್ರ ಅರ್ಧ ಸತ್ಯವಿದೆ. ಹೊಸದಾಗಿ ಶುರುವಾದ ಕಾರ್ಖಾನೆಗೆ, ತಯಾರಿಸಿದ ಮಾಲು ಮಾರಲು ತೊಡಗಿದ ಮೊದಲ ಐದು ವರ್ಷಗಳಲ್ಲಿ, ಲಾಭ ಬಂದ ವರ್ಷಕ್ಕೆ ಮಾತ್ರ ಬೋನಸ್ಸಿನ ಹೊಣೆ. ಹದಿನಾರನೆಯ ಕಲಮು ಹಾಗೆ ಹೇಳುವುದು ನಿಜ. ಆದರೆ ಜಾಗ ಬದಲಾಯಿತು, ಆಡಳಿತ ಬದಲಾಯಿತು, ಹೆಸರು ಬದಲಾಯಿತು, ಒಡೆತನ ಬದಲಾಯಿತು ಎಂಬಷ್ಟಕ್ಕೇ ಹಳೆಯ ಕಾರ್ಖಾನೆ ಹೊಸದಾಗುವುದಿಲ್ಲ ಎಂದು ಅದೇ ಕಲಮಿನ ವಿವರಣೆ ಹೇಳುತ್ತದೆ. ಕಾರ್ಖಾನೆಗಳು ಕೈ ಬದಲಾಯಿಸುವ, ಲೀಜಿಗೆ ಹೋಗುವ ಸೀಮೆಯಲ್ಲಿ ಈ ಸಾಲನ್ನು ಓದದೆ "ನಾವು ಹೊಸಬರು" ಎನ್ನುವವರು ಬೋರ್ಡಿಗೆ ಬಳಿದ ಬಣ್ಣವನ್ನು ಕಾರ್ಖಾನೆಯ ವಯಸ್ಸೆಂದು ತೋರಿಸುತ್ತಿದ್ದಾರೆ.

ಎರಡನೆಯ ವಾದ ಬೈಲಹೊಂಗಲಕ್ಕೆ ಹೇಳಿ ಮಾಡಿಸಿದ್ದು. "ಜಿನ್ನಿಂಗ್ ಹಂಗಾಮಿನ ಕೆಲಸ. ಆರು ತಿಂಗಳು ತುಂಬದವರಿಗೆ ಬೋನಸ್ ಬರುವುದಿಲ್ಲ." ಇನ್ನು ಕೆಲವರು ಆರು ತಿಂಗಳ ಜಾಗದಲ್ಲಿ 240 ದಿನ ಎನ್ನುತ್ತಾರೆ. ಹತ್ತಿಯ ಹಂಗಾಮು ನಾಲ್ಕೈದು ತಿಂಗಳಲ್ಲಿ ಮುಗಿಯುತ್ತದೆ. ಈ ನಿಯಮ ನಿಜವಾಗಿದ್ದರೆ ಜಿನ್ನಿಂಗ್ ಕೆಲಸದವರಲ್ಲಿ ಹೆಚ್ಚಿನವರಿಗೆ ಜನ್ಮದಲ್ಲಿ ಬೋನಸ್ ಸಿಗಬಾರದು. ಎಂಟನೆಯ ಕಲಮಿನಲ್ಲಿರುವುದು ಬೇರೆಯೇ ಮಾತು: ಆ ಲೆಕ್ಕದ ವರ್ಷದಲ್ಲಿ ಕಡಿಮೆಯೆಂದರೆ 30 ಕೆಲಸದ ದಿನ ದುಡಿದಿದ್ದರೆ ಬೋನಸ್ಸಿಗೆ ಅರ್ಹ. ತಿಂಗಳ ಮಾತೇ ಅಲ್ಲಿಲ್ಲ, ಆ ದಿನಗಳು ಸತತವಾಗಿರಬೇಕೆಂಬ ಮಾತೂ ಇಲ್ಲ. ಹಾಗಾದರೆ 240 ಎಲ್ಲಿಂದ ಬಂತು? ಗ್ರಾಚ್ಯುಟಿ ಕಾಯ್ದೆಯಲ್ಲಿ, ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಒಂದು ವರ್ಷದ ಸತತ ಸೇವೆಯನ್ನು ಅಳೆಯಲು ಇಟ್ಟ ಅಂಕೆ ಅದು. ಬೇರೆ ಕಾಯ್ದೆಯ ಅಳತೆಯನ್ನು ಇಲ್ಲಿಗೆ ತಂದವರು, ಗ್ರಾಚ್ಯುಟಿ ಕೇಳಿದಾಗ ಅದೇ ಕಾಯ್ದೆಯಲ್ಲಿ ಹಂಗಾಮಿ ಕಾರ್ಮಿಕರಿಗಿರುವ ಬೇರೆ ಅಳತೆಯನ್ನು ನೆನಪಿಸಿಕೊಳ್ಳುತ್ತಾರೆಯೇ ಎಂದು ಕೇಳಿ ನೋಡಿ. ಕೊಡಬೇಕಾದಾಗ ಒಂದು ಅಳತೆ, ಕೊಡದಿರುವುದಕ್ಕೆ ಇನ್ನೊಂದು.

ಅರ್ಹತೆಗೆ 30 ದಿನ ಸಾಕು ಎಂದರೆ 30 ದಿನ ದುಡಿದವರಿಗೆ ಇಡೀ ವರ್ಷದ ಬೋನಸ್ ಎಂದರ್ಥವಲ್ಲ. ಎದುರಾಳಿಗಳು ಇಲ್ಲಿ ಗಾಬರಿಯಾಗಬೇಕಿಲ್ಲ. ಶೇಕಡಾವಾರು ಲೆಕ್ಕ ಹಾಕುವುದು ಆ ವರ್ಷ ಅವರು ನಿಜವಾಗಿ ಗಳಿಸಿದ ಪಗಾರದ ಮೇಲೆ. ಕಡಿಮೆ ದಿನ ದುಡಿದರೆ ಪಗಾರ ಕಡಿಮೆ, ಬೋನಸ್ಸೂ ಅಷ್ಟೇ ಕಡಿಮೆ. ದಿನಗಳ ಪ್ರಮಾಣದಲ್ಲಿ ಇಳಿಸುವ ಹದಿಮೂರನೆಯ ಕಲಮು ಅನ್ವಯಿಸುವುದು ನೂರು ರೂಪಾಯಿಯ ಕನಿಷ್ಠ ಮೊತ್ತಕ್ಕೆ ಮಾತ್ರ, ಅದೂ ಶೇ. 8.33ರ ಲೆಕ್ಕಕ್ಕಿಂತ ಆ ನೂರು ದೊಡ್ಡದಾದಾಗ. ಇಂದಿನ ಪಗಾರದಲ್ಲಿ 30 ದಿನ ದುಡಿದವರಿಗೂ ಆ ಸಂದರ್ಭ ಬರುವುದಿಲ್ಲ. ಆದರೂ ಈ ಕಲಮನ್ನೇ ಹಿಡಿದುಕೊಂಡು, ಗಳಿಸಿದ ಪಗಾರದಲ್ಲಿ ಒಮ್ಮೆ ಇಳಿದ ಮೊತ್ತವನ್ನು ದಿನಗಳ ಲೆಕ್ಕದಲ್ಲಿ ಮತ್ತೊಮ್ಮೆ ಇಳಿಸುವ ಹಾಳೆಗಳನ್ನು ನಾನು ನೋಡಿದ್ದೇನೆ.

ಮೂರನೆಯ ವಾದ ಸಕ್ಕರೆ ಕಾರ್ಖಾನೆಗಳ ಕಾಯಂ ನೌಕರರಿಗೆ ಹೇಳುವಂಥದ್ದು. "ನಿಮ್ಮ ಪಗಾರ 21,000 ದಾಟಿದೆ, ನೀವು ಕಾಯ್ದೆಯ ಹೊರಗೆ." 2015ರ ತಿದ್ದುಪಡಿಯಲ್ಲಿ ಅರ್ಹತೆಯ ಮಿತಿ ತಿಂಗಳಿಗೆ 10,000ದಿಂದ 21,000 ರೂಪಾಯಿಗೆ ಏರಿದ್ದು ನಿಜ, ಅದನ್ನು ದಾಟಿದವರು ಹೊರಗುಳಿಯುವುದೂ ನಿಜ. ಆದರೆ ಯಾವ ಪಗಾರ? ಕಾಯ್ದೆಯ ಅರ್ಥದಲ್ಲಿ ಪಗಾರ ಎಂದರೆ ಮೂಲ ವೇತನ ಮತ್ತು ತುಟ್ಟಿಭತ್ಯೆ. ಮನೆ ಬಾಡಿಗೆ ಭತ್ಯೆ, ಓವರ್‌ಟೈಮ್, ಪ್ರಯಾಣದ ಸವಲತ್ತು, ಮಾಲೀಕರು ತುಂಬುವ ಪಿ.ಎಫ್. ವಂತಿಗೆ ಇವೆಲ್ಲ ಆ ಲೆಕ್ಕದ ಹೊರಗೆ. ಮೂಲ ವೇತನ, ತುಟ್ಟಿಭತ್ಯೆ ಸೇರಿ 19,800, ಮನೆ ಬಾಡಿಗೆ ಭತ್ಯೆ 1,800, ಇತರ ಭತ್ಯೆ 1,200 ಪಡೆಯುವ ಒಬ್ಬ ಗುಮಾಸ್ತರನ್ನು ತೆಗೆದುಕೊಳ್ಳಿ. ಪಗಾರ ಚೀಟಿಯ ಕೊನೆಯ ಸಾಲಿನಲ್ಲಿ 22,800 ಇರುತ್ತದೆ. ದಿವಾನಜಿ ಆ ಸಾಲಿಗೆ ಬೆರಳಿಟ್ಟು "ದಾಟಿತು" ಎನ್ನುತ್ತಾರೆ. ಕಾಯ್ದೆ ನೋಡುವುದು 19,800ನ್ನು, ಅದು ದಾಟಿಲ್ಲ.

ಇಲ್ಲಿರುವ ವಿರೋಧಾಭಾಸವನ್ನು ಪಂಚರು ಗಮನಿಸಬೇಕು. ಒಳಗೆ ಬಿಡಬೇಕೋ ಬೇಡವೋ ಎಂದು ನೋಡುವಾಗ ಭತ್ಯೆಗಳೆಲ್ಲ ಪಗಾರದೊಳಗೆ ಸೇರುತ್ತವೆ. ಅದೇ ಗುಮಾಸ್ತರು ಹೇಗೋ ವಾದ ಮಾಡಿ ಒಳಗೆ ಬಂದರೆ, ಬೋನಸ್ ಲೆಕ್ಕ ಹಾಕುವಾಗ ಅವೇ ಭತ್ಯೆಗಳು ಮಾಯ: "ಬೋನಸ್ ಮೂಲ ವೇತನ, ತುಟ್ಟಿಭತ್ಯೆ ಮೇಲೆ ಮಾತ್ರ ಕಣ್ರೀ." ಎರಡನೆಯ ಮಾತು ಸರಿ. ಅದು ಸರಿಯಾದ ಕಾರಣಕ್ಕೇ ಮೊದಲನೆಯದು ತಪ್ಪು. ಒಂದೇ ಕಾಯ್ದೆ, ಒಂದೇ ವ್ಯಾಖ್ಯೆ, ಒಬ್ಬನೇ ಮನುಷ್ಯ. ಬೆಳಿಗ್ಗೆ ಅವನ ಪಗಾರ 22,800, ಮಧ್ಯಾಹ್ನ 19,800 ಆಗುವುದು ಯಾವ ಗಣಿತ?

ನಾಲ್ಕನೆಯ ವಾದ ಎಲ್ಲಕ್ಕಿಂತ ಗಟ್ಟಿ ಕಾಣುತ್ತದೆ, ಏಕೆಂದರೆ ಅದಕ್ಕೆ ಆಧಾರವಾಗಿ ಕಾಯ್ದೆಯಲ್ಲಿ ನಿಜವಾಗಿಯೂ ಒಂದು ಅಂಕೆಯಿದೆ. "ನಿಮ್ಮ ಪಗಾರ ಎಷ್ಟೇ ಇರಲಿ, ಬೋನಸ್ ಲೆಕ್ಕ 7,000ದ ಮೇಲೆ." ಹನ್ನೆರಡನೆಯ ಕಲಮಿನಲ್ಲಿ 7,000 ಇದೆ. ಹಳೆಯ 3,500ನ್ನು ತೆಗೆದು 2015ರ ತಿದ್ದುಪಡಿ ಆ ಅಂಕೆ ಹಾಕಿತು. ಆದರೆ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ: 7,000 ಅಥವಾ ಆ ಉದ್ಯೋಗಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನ, ಎರಡರಲ್ಲಿ ಯಾವುದು ಹೆಚ್ಚೋ ಅದು. ವಾಕ್ಯದ ಮೊದಲ ಅರ್ಧ ಓದಿ ಪುಸ್ತಕ ಮುಚ್ಚುವುದು ಎದುರಾಳಿಗಳ ಕಸುಬು. ಕರ್ನಾಟಕದಲ್ಲಿ ತುಟ್ಟಿಭತ್ಯೆಯ ಬದಲಾವಣೆಯಿಂದ ಕನಿಷ್ಠ ವೇತನ ವರ್ಷ ವರ್ಷ ಏಪ್ರಿಲ್‌ನಲ್ಲಿ ಪರಿಷ್ಕಾರವಾಗುತ್ತದೆ, ಅದು 7,000ವನ್ನು ಹಿಂದೆ ಹಾಕಿ ಬಹಳ ದೂರ ಹೋಗಿದೆ. ಹಾಗಿದ್ದ ಮೇಲೆ ಕನಿಷ್ಠ ವೇತನ ಗೊತ್ತಾದ ಉದ್ಯೋಗಗಳಲ್ಲಿ 7,000 ಎಂಬುದು ಈಗ ಕಾಗದದ ಮೇಲೆ ಮಾತ್ರ ಉಳಿದ ಮಿತಿ.

ಒಂದು ಲೆಕ್ಕವನ್ನು ಕೈಯಾರೆ ಹಾಕಿ ನೋಡೋಣ. ಅಂಕೆಗಳು ಲೆಕ್ಕದ ರೀತಿ ತೋರಿಸಲು ನಾನು ಇಟ್ಟವು. ನಿಮ್ಮ ಉದ್ಯೋಗ, ನಿಮ್ಮ ವಲಯ, ನಿಮ್ಮ ದರ್ಜೆಯ ನಿಜವಾದ ಕನಿಷ್ಠ ವೇತನವನ್ನು ಆ ವರ್ಷದ ಅಧಿಸೂಚನೆಯಲ್ಲಿ ನೋಡಿಕೊಳ್ಳಬೇಕು. ಬೈಲಹೊಂಗಲದ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಮಶಿನ್ನಿಗೆ ಹತ್ತಿ ಹಾಕುವ ಹೆಣ್ಣುಮಗಳು 2024ರ ನವೆಂಬರ್ ಕೊನೆಯಲ್ಲಿ ಕೆಲಸಕ್ಕೆ ಸೇರಿ 2025ರ ಮಾರ್ಚ್ ತನಕ ದುಡಿದಳು. ಹಾಜರಿ ಪುಸ್ತಕದಲ್ಲಿ ನವೆಂಬರ್ 9, ಡಿಸೆಂಬರ್ 26, ಜನವರಿ 25, ಫೆಬ್ರವರಿ 23, ಮಾರ್ಚ್ 14, ಒಟ್ಟು 97 ದಿನ. ಮೂಲ ವೇತನ, ತುಟ್ಟಿಭತ್ಯೆ ಸೇರಿ ದಿನದ ಪಗಾರ 480 ರೂಪಾಯಿ, ಅದೇ ಆ ಕೆಲಸದ ಕನಿಷ್ಠ ವೇತನವೂ ಆಗಿತ್ತು ಎಂದಿಟ್ಟುಕೊಳ್ಳಿ. 26 ದಿನದ ತಿಂಗಳಿಗೆ ಅದು 12,480 ಆಗುತ್ತದೆ. ಇದು 21,000ದ ಒಳಗಿದೆ, 97 ದಿನ 30ಕ್ಕಿಂತ ಹೆಚ್ಚಿದೆ, ಆದ್ದರಿಂದ ಅವಳು ಅರ್ಹಳು. ಲೆಕ್ಕದ ಮಿತಿ 7,000 ಅಲ್ಲ, 12,480. ಅವಳ ಪಗಾರ ಆ ಮಿತಿಯನ್ನು ದಾಟಿಲ್ಲವಾದ್ದರಿಂದ ಕತ್ತರಿಸುವುದಕ್ಕೆ ಏನೂ ಇಲ್ಲ. ಗಳಿಸಿದ ಪಗಾರ 97 ಗುಣಿಸು 480, ಅಂದರೆ 46,560. ಅದರ ಶೇ. 8.33 ಎಂದರೆ 3,878 ರೂಪಾಯಿ.

ಈಗ ಎದುರಾಳಿಗಳ ಹಾಳೆ ನೋಡಿ. ಆರು ತಿಂಗಳ ವಾದದ ಪ್ರಕಾರ ಅವಳಿಗೆ ಸೊನ್ನೆ. ಆ ವಾದ ಬಿದ್ದ ಮೇಲೆ 7,000ದ ವಾದ ಬರುತ್ತದೆ: ತಿಂಗಳ 7,000ವನ್ನು 26ರಿಂದ ಭಾಗಿಸಿ 97 ದಿನಕ್ಕೆ ಗುಣಿಸಿದರೆ 26,115, ಅದರ ಬೋನಸ್ 2,175. ಇನ್ನೂ ಚಾಲಾಕಿನವರು ವರ್ಷದ 84,000ವನ್ನು 365ರಿಂದ ಭಾಗಿಸುತ್ತಾರೆ. ಕೆಳಗಿನ ಅಂಕೆಯಲ್ಲಿ ರವಿವಾರಗಳು ಸೇರಿರುತ್ತವೆ, ಮೇಲಿನ 97ರಲ್ಲಿ ರವಿವಾರ ಇರುವುದಿಲ್ಲ, ಬೋನಸ್ 1,860ಕ್ಕೆ ಇಳಿಯುತ್ತದೆ. ಒಬ್ಬಳೇ ಹೆಣ್ಣುಮಗಳು, ಒಂದೇ ಹಾಜರಿ ಪುಸ್ತಕ, ನಾಲ್ಕು ಉತ್ತರ: ಸೊನ್ನೆ, 1,860, 2,175, 3,878. ಕೊನೆಯದು ಮಾತ್ರ ಕಾಯ್ದೆಯದು. ಇನ್ನೂ ಒಂದು ಸೊಗಸಿದೆ. ಇನ್ಸ್‌ಪೆಕ್ಟರ್ ಬಂದಾಗ ತೋರಿಸುವ ಮಸ್ಟರ್‌ನಲ್ಲಿ ಅದೇ ಮಾಲೀಕರು "ನಾವು ಕನಿಷ್ಠ ವೇತನ ಕೊಡುತ್ತಿದ್ದೇವೆ" ಎಂದು 480 ಬರೆದಿರುತ್ತಾರೆ. ಬೋನಸ್ ಹಾಳೆಗೆ ಬಂದಾಗ ಆ ಕನಿಷ್ಠ ವೇತನ ಅವರಿಗೆ ನೆನಪಿರುವುದಿಲ್ಲ. ನೆನಪಿದೆ ಎಂದರೆ 7,000ದ ವಾದ ಬಿಡಬೇಕು. ಇಲ್ಲ ಎಂದರೆ ಮಸ್ಟರ್ ಬರೆದವರು ಯಾರು ಎಂದು ಹೇಳಬೇಕು.

ಮೇಲಿನ ಗುಮಾಸ್ತರಿಗೂ ಇದೇ ನಿಯಮ, ಒಂದು ವ್ಯತ್ಯಾಸದೊಂದಿಗೆ. ಅವರ 19,800 ಲೆಕ್ಕದ ಮಿತಿಯನ್ನು ದಾಟುತ್ತದೆ. ಅವರ ಕೆಲಸದ ಕನಿಷ್ಠ ವೇತನ 14,000 ಎಂದಿಟ್ಟುಕೊಂಡರೆ ಬೋನಸ್ ಲೆಕ್ಕ 14,000ಕ್ಕೇ ನಿಲ್ಲುತ್ತದೆ, 19,800ರ ಮೇಲೆ ಅಲ್ಲ. ವರ್ಷಪೂರ್ತಿ ದುಡಿದರೆ 1,68,000ದ ಶೇ. 8.33, ಅಂದರೆ 13,994 ರೂಪಾಯಿ. 7,000ದ ಲೆಕ್ಕದಲ್ಲಿ ಅವರ ಕೈಗೆ ಬರುತ್ತಿದ್ದದ್ದು 6,997, ಸರಿಯಾಗಿ ಅರ್ಧ. ಇಲ್ಲಿ ಕಾರ್ಮಿಕರ ಪರವಾಗಿ ಮಾತಾಡುವ ಕೆಲವರೂ ತಪ್ಪುತ್ತಾರೆ, ಪೂರ್ತಿ ಪಗಾರದ ಮೇಲೆ ಬೋನಸ್ ಕೇಳುತ್ತಾರೆ. ಒಪ್ಪಂದ ಇಲ್ಲದಿದ್ದರೆ ಕಾಯ್ದೆ ಅಷ್ಟು ಕೊಡುವುದಿಲ್ಲ. ಅರ್ಹತೆಯ ಮಿತಿ ಬೇರೆ, ಲೆಕ್ಕದ ಮಿತಿ ಬೇರೆ ಎಂಬುದನ್ನು ಎರಡೂ ಕಡೆಯವರು ಒಂದೇ ಎಂದುಕೊಂಡರೆ ತಪ್ಪು ಎರಡೂ ಕಡೆಗೆ ಆಗುತ್ತದೆ.

"ಕಾಯ್ದೆ ಪ್ರಕಾರ ಬೋನಸ್ 8.33, ಅದಕ್ಕಿಂತ ಒಂದು ಪೈಸೆ ಹೆಚ್ಚಿಲ್ಲ" ಎಂಬುದು ಐದನೆಯ ವಾದ. 8.33 ನೆಲದ ಮಟ್ಟ. ಹನ್ನೆರಡು ತಿಂಗಳಲ್ಲಿ ಒಂದು ತಿಂಗಳ ಪಾಲು ಎಂದರೆ ಅಷ್ಟೇ ಆಗುತ್ತದೆ. ಹಂಚಬಹುದಾದ ಹೆಚ್ಚುವರಿ ಅದನ್ನು ಮೀರಿದ್ದರೆ ಪ್ರಮಾಣ ಏರುತ್ತ ಹೋಗಬೇಕು, ಮೇಲಿನ ಎಲ್ಲೆ ಶೇ. 20. ಒಳ್ಳೆಯ ವರ್ಷದಲ್ಲಿ ಉಳಿದ ಹೆಚ್ಚುವರಿಯನ್ನು ಮುಂದಿನ ನಾಲ್ಕು ವರ್ಷಗಳ ತನಕ ಮುಂದಕ್ಕೊಯ್ಯಲು, ಕೆಟ್ಟ ವರ್ಷದ ಕೊರತೆಯನ್ನು ಹಾಗೆಯೇ ಸರಿದೂಗಿಸಲು ಹದಿನೈದನೆಯ ಕಲಮಿದೆ. ಅಂದರೆ ಈ ವರ್ಷದ ಪ್ರಮಾಣ ಗೊತ್ತಾಗಬೇಕಾದರೆ ಹಿಂದಿನ ವರ್ಷಗಳ ಲೆಕ್ಕವೂ ಬೇಕು. ಆ ಲೆಕ್ಕದ ವಹಿಯನ್ನು ತೋರಿಸದೆ 8.33 ಎನ್ನುವವರು ಲೆಕ್ಕ ಹೇಳುತ್ತಿಲ್ಲ, ಕನಿಷ್ಠ ಮೊತ್ತವನ್ನೇ ಗರಿಷ್ಠ ಮಾಡುತ್ತಿದ್ದಾರೆ. ಮತ್ತೊಂದು ತಮಾಷೆ: ಮೊದಲ ವಾದದಲ್ಲಿ ಬೋನಸ್ ಲಾಭದ ಪಾಲು ಎಂದು ಹೇಳಿದವರು ಇವರೇ. ಲಾಭ ಬಂದ ವರ್ಷ ಆ ಪಾಲಿನ ಮಾತು ಎಲ್ಲಿ ಹೋಯಿತು?

ಆರನೆಯ ವಾದ ಕಾಯ್ದೆಯ ಮಾತಿಗಿಂತ ಸಂಪ್ರದಾಯದ ಮಾತು. "ಹಬ್ಬಕ್ಕೆ ಸೀರೆ, ಸ್ವೀಟ್ ಬಾಕ್ಸ್ ಕೊಟ್ಟೆವಲ್ಲ. ಮೇಲೆ ಬಾಕಿ ಬೇರೆ ಇದೆ." ರಾಮದುರ್ಗದ ಮಗ್ಗದ ಕೆಲಸ ಬಲ್ಲವರಿಗೆ ಬಾಕಿ ಅಂದರೇನೆಂದು ಹೇಳಬೇಕಿಲ್ಲ. ಮಾಲೀಕರು ಮುಂಗಡ ಕೊಟ್ಟ ಹಣ ಅದು. ಕೊಟ್ಟ ಪೂಜೆಯ ಬೋನಸ್ಸನ್ನು, ರೂಢಿಯ ಬೋನಸ್ಸನ್ನು ಕಾಯ್ದೆಯ ಬೋನಸ್ಸಿನಲ್ಲಿ ಹಿಡಿಯಬಹುದು, ಹದಿನೇಳನೆಯ ಕಲಮು ಅವಕಾಶ ಕೊಡುತ್ತದೆ. ಅದೇ ವರ್ಷ ನೌಕರನ ದುರ್ನಡತೆಯಿಂದ ಆದ ಹಣದ ನಷ್ಟವನ್ನು ಹಿಡಿಯುವುದಕ್ಕೂ ಹದಿನೆಂಟನೆಯ ಕಲಮಿದೆ. ಸಿಹಿ ಪೊಟ್ಟಣ ರೂಢಿಯ ಬೋನಸ್ ಅಲ್ಲ, ಬಾಕಿ ದುರ್ನಡತೆಯಲ್ಲ. ಬಾಕಿ ವಸೂಲಿಗೆ ಬೇರೆ ದಾರಿಯಿದ್ದರೆ ಆ ದಾರಿಯಲ್ಲಿ ಹೋಗಬೇಕು. ಮೀಟರಿನ ಲೆಕ್ಕದಲ್ಲಿ ಕೂಲಿ ಪಡೆಯುವವರು ನೌಕರರೇ ಅಲ್ಲ ಎಂಬ ಉಪವಾದವೂ ಇಲ್ಲಿ ಕೇಳಿಬರುತ್ತದೆ. ಪಗಾರವನ್ನು ದಿನದ ಲೆಕ್ಕದಲ್ಲಿ ಕೊಟ್ಟರೋ ತುಂಡಿನ ಲೆಕ್ಕದಲ್ಲಿ ಕೊಟ್ಟರೋ ಎಂದು ನೋಡಿ ನೌಕರರನ್ನು ಕಾಯ್ದೆ ವಿಂಗಡಿಸಿಲ್ಲ.

ರಾಮದುರ್ಗದ ಮಾಲೀಕರ ಒಂದು ಮಾತನ್ನು ಮಾತ್ರ ಒಪ್ಪಬೇಕು. ಮನೆಯ ಹಿತ್ತಲಲ್ಲಿ ನಾಲ್ಕು ಮಗ್ಗ, ಮೂರು ಜನ ಇಟ್ಟುಕೊಂಡವರಿಗೆ ಈ ಕಾಯ್ದೆ ತಾಗುವುದಿಲ್ಲ. ಅದು ಕಾರ್ಖಾನೆಗಳಿಗೆ, ಮತ್ತು ವರ್ಷದ ಯಾವುದೇ ದಿನ 20 ಅಥವಾ ಹೆಚ್ಚು ಜನ ದುಡಿದ ಸಂಸ್ಥೆಗಳಿಗೆ. ಒಮ್ಮೆ ತಾಗಿದ ಮೇಲೆ ಜನ 20ಕ್ಕಿಂತ ಕಡಿಮೆಯಾದರೂ ಬಿಡುವುದಿಲ್ಲ ಎಂಬ ಮಾತನ್ನು ಮಾತ್ರ ಅವರು ಹೇಳುವುದಿಲ್ಲ.

ಕೊನೆಯ ವಾದ ಹೊಚ್ಚ ಹೊಸದು. "1965ರ ಕಾಯ್ದೆಯೇ ರದ್ದಾಯಿತು, ಈಗ ಯಾವ ಬೋನಸ್?" 2025ರ ನವೆಂಬರ್ 21ರಂದು 2019ರ ವೇತನ ಸಂಹಿತೆ ಜಾರಿಗೆ ಬಂತು, ಹಳೆಯ ಕಾಯ್ದೆ ಅದರೊಳಗೆ ಸೇರಿತು. ಆದರೆ ಸಂಹಿತೆಯಲ್ಲಿಯೂ ಕಡಿಮೆಯೆಂದರೆ 30 ದಿನದ ದುಡಿಮೆ, ಅದೇ ಶೇ. 8.33ರ ನೆಲಮಟ್ಟ, ಅದೇ 20ರ ಎಲ್ಲೆ, ಲೆಕ್ಕದ ಮಿತಿಯಲ್ಲಿ ಅದೇ "ಯಾವುದು ಹೆಚ್ಚೋ ಅದು". ಅರ್ಹತೆಯ ಪಗಾರದ ಅಂಕೆಯನ್ನು ಮಾತ್ರ ಕಾಯ್ದೆಯಲ್ಲಿ ಬರೆಯದೆ ಸರ್ಕಾರದ ಅಧಿಸೂಚನೆಗೆ ಬಿಟ್ಟಿದ್ದಾರೆ. ಪಗಾರದ ವ್ಯಾಖ್ಯೆಯೂ ಬಿಗಿಯಾಗಿದೆ: ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದಷ್ಟು ಪಗಾರಕ್ಕೇ ಸೇರುತ್ತದೆ. ಇದು ಎರಡು ಕಡೆಗೂ ಕತ್ತರಿಸುತ್ತದೆ. ಭತ್ಯೆಯಲ್ಲಿ ಅಡಗಿಸಿಟ್ಟ ಪಗಾರ ಹೊರಗೆ ಬರುತ್ತದೆ, ಕೆಲವರು ಅದರಿಂದಲೇ ಅರ್ಹತೆಯ ಮಿತಿ ದಾಟಿಯೂ ಹೋಗಬಹುದು. ಆದರೆ 2025ರ ಮಾರ್ಚ್ 31ಕ್ಕೆ ಮುಗಿದ ವರ್ಷದ ಬೋನಸ್ ಹಳೆಯ ಕಾಯ್ದೆಯಡಿ ಹುಟ್ಟಿದ ಹಕ್ಕು. ಹೊಸ ಸಂಹಿತೆ ಬಂದ ಕಾರಣಕ್ಕೆ ಅದು ಸಾಯುವುದಿಲ್ಲ.

ಈ ವಾದಗಳನ್ನು ಎದುರಿಸಬೇಕಾದವರು ದಿವಾನಜಿಯ ಬಾಯಿಮಾತನ್ನು ಕೇಳುತ್ತ ಕೂರುವುದು ಬೇಡ. ಹಳೆಯ ಕಾಯ್ದೆಯ ನಿಯಮಗಳಲ್ಲಿ ಬೋನಸ್ ವಹಿಗೆ ನಮೂನೆ ಸಿ ಎಂದು ಹೆಸರು. ಪ್ರತಿಯೊಬ್ಬರ ಹೆಸರಿನ ಮುಂದೆ ದುಡಿದ ದಿನ, ವರ್ಷದ ಪಗಾರ, ಕೊಡಬೇಕಾದ ಬೋನಸ್, ಹಿಡಿದ ಪೂಜೆಯ ಬೋನಸ್, ಕೈಗೆ ಕೊಟ್ಟ ಮೊತ್ತ, ತಾರೀಕು, ಸಹಿ ಅಥವಾ ಹೆಬ್ಬೆಟ್ಟು ಅದರಲ್ಲಿ ಇರಬೇಕು. ದಿನಗಳ ಅಂಕಣವನ್ನು ಹಾಜರಿ ಪುಸ್ತಕದೊಂದಿಗೆ, ಪಗಾರದ ಅಂಕಣವನ್ನು ಪಗಾರ ಚೀಟಿಗಳೊಂದಿಗೆ ಹೋಲಿಸಿ ನೋಡಿ. ಕನಿಷ್ಠ ವೇತನದ ಮಿತಿಯೊಳಗಿನವರಿಗೆ ಬೋನಸ್ಸಿನ ಮೊತ್ತವನ್ನು ಪಗಾರದಿಂದ ಭಾಗಿಸಿದಾಗ 0.0833ಕ್ಕಿಂತ ಕಡಿಮೆ ಬಂದರೆ, ಯಾರೋ 7,000ದ ಬಳಿ ವಾಕ್ಯ ನಿಲ್ಲಿಸಿದ್ದಾರೆ ಎಂದು ತಿಳಿಯಿರಿ. ಮಾರ್ಚ್ 31ಕ್ಕೆ ಮುಗಿಯುವ ವರ್ಷದ ಬೋನಸ್ ಎಂಟು ತಿಂಗಳೊಳಗೆ, ಅಂದರೆ ನವೆಂಬರ್ 30ರೊಳಗೆ, ಕೈಗೆ ಬರಬೇಕು. ಬಾರದಿದ್ದರೆ ಹಳೆಯ ಕಾಯ್ದೆಯಡಿ ವಸೂಲಿಗೆ ಅರ್ಜಿ ಹಾಕುವ ಅವಧಿ ಒಂದು ವರ್ಷ, ಆದ್ದರಿಂದ ಮುಂದಿನ ದೀಪಾವಳಿಯ ತನಕ ಕಾಯದೆ ಆ ವಹಿಯ ನಕಲು ಕೇಳಿ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿ.